ಏಳನೇ ಪ್ರಶ್ನೆಗೆ ಸೊನ್ನೆ

ನನಗೆ ಸಿಟ್ಟು ಬೇಗ ಬರುತ್ತದೆ. ಮುಂಬಯಿ ಕುರ್ಲಾದ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಸಮಾಜ ವಿಜ್ಞಾನ ಕಲಿಸಿದ ಮೇಲೂ ಸಿಟ್ಟು ಬಾರದಿದ್ದರೆ ಅಂಥವರ ಫೋಟೋ ಹಾಕಿ ಪೂಜೆ ಮಾಡಬೇಕು. ನಾನು ಉಡುಪಿ ಕಡೆಯವಳು, ಹೆಸರು ಶೀಲಾವತಿ. ಶಾಲೆಯ ಮಕ್ಕಳೆಲ್ಲ ವಿಜಯಪುರ, ಕಲಬುರಗಿ ಕಡೆಯವರು. ಮನೆಯಲ್ಲಿ ಒಂದು ಕನ್ನಡ, ಬೀದಿಯಲ್ಲಿ ಹಿಂದಿ, ನನ್ನೆದುರು ಎರಡೂ ಅಲ್ಲದ್ದು ಮಾತಾಡುತ್ತಾರೆ.

ಹತ್ತನೆಯವರ ಪ್ರಾಜೆಕ್ಟ್ ಅಂದರೆ ಇಷ್ಟು ವರ್ಷ ಥರ್ಮೋಕೋಲಿನ ಕೋಟೆ ಆಗಿತ್ತು. ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯವನು ಜೂನ್‌ನಲ್ಲೇ ಆರ್ಡರ್ ತೆಗೆದುಕೊಳ್ಳುತ್ತಿದ್ದ. ನಾನೂ ಕಣ್ಣು ಮುಚ್ಚಿ ಅಂಕ ಹಾಕುತ್ತಿದ್ದೆ. ಒಂದೇ ಕೋಟೆ ಮೂರು ವರ್ಷ ಮೂವರ ಹೆಸರಿನಲ್ಲಿ ಬಂದದ್ದೂ ಉಂಟು. ಮೂರನೇ ವರ್ಷ ಅದರ ಬುರುಜು ಮುರಿದಿತ್ತು, ಹಾಗಾಗಿ ಒಂದು ಅಂಕ ಕಡಿಮೆ ಮಾಡಿದೆ.

ಈ ವರ್ಷ ಹೆಡ್‌ಮಾಸ್ಟರ್ ರಮಾನಾಥರು ಬೇರೆ ಯಾವುದೋ ಶಾಲೆಯ ಪ್ರದರ್ಶನಕ್ಕೆ ಹೋಗಿ ಬಂದರು. ಬಂದವರೇ ನನ್ನನ್ನು ಕರೆದು, "ಮೇಡಂ, ಇನ್ನು ಕೋಟೆ ಬೇಡ. ಸರ್ವೆ! ಸ್ಥಳೀಯ ಮಾರುಕಟ್ಟೆಯ ವ್ಯಾಪಾರಿಗಳ ಮೇಲೆ ಸರ್ವೆ!" ಅಂದರು. ಡಿಸೆಂಬರಿನಲ್ಲಿ ಪ್ರದರ್ಶನವಂತೆ, ಮುಖ್ಯ ಅತಿಥಿ ಬರುತ್ತಾರಂತೆ, ಶಾಲು ಹಾರ ಎಲ್ಲ ಆಗಲೇ ಯೋಚಿಸಿಬಿಟ್ಟಿದ್ದರು. ಸರ್ವೆ ಹೇಗೆ ಮಾಡಿಸುವುದು ಎನ್ನುವುದನ್ನು ಮಾತ್ರ ನನಗೆ ಬಿಟ್ಟಿದ್ದರು.

ಮರುದಿನ ಮಕ್ಕಳಿಗೆ ಗುಂಪು ಮಾಡಿಕೊಂಡು ವಿಷಯ ಆರಿಸಿ ತನ್ನಿ ಅಂದೆ. ಎಂಟು ಗುಂಪು ಇತ್ತು. ಏಳು ಗುಂಪಿನವರು ಒಂದೇ ವಿಷಯ ತಂದರು: 'ವ್ಯಾಪಾರಿಗಳ ಸಮಸ್ಯೆಗಳು'. ಕೆಳಗೆ ಉಪಸಂಹಾರವೂ ತಯಾರಿತ್ತು. 'ಸರ್ಕಾರ ಇತ್ತ ಗಮನ ಹರಿಸಬೇಕು.'

"ಬಜಾರಿಗೆ ಇನ್ನೂ ಕಾಲಿಟ್ಟಿಲ್ಲ, ಸರ್ಕಾರಕ್ಕೆ ಬುದ್ಧಿ ಹೇಳಿ ಆಯ್ತಾ?" ಎಂದು ಬೈದೆ. "ಸಮಸ್ಯೆಗಳು ಅಂದ್ರೆ ಎಂತದು? ಅದನ್ನು ಎಣಿಸ್ಲಿಕ್ಕೆ ಆಗ್ತದಾ? ಒಂದು ಸಣ್ಣ ಸಂಗತಿ ಹಿಡಿಯಿರಿ ಮಾರಾಯ್ರೆ. ಕೇಳ್ಲಿಕ್ಕೆ ಆಗಬೇಕು, ಎಣಿಸ್ಲಿಕ್ಕೆ ಆಗಬೇಕು, ಹತ್ತು ಪ್ರಶ್ನೆಯಲ್ಲಿ ಮುಗೀಬೇಕು."

ಅಂದು ಸಂಜೆಯವರೆಗೆ ಕೂತು ವಿಷಯ ಹಂಚಿದೆ. ಒಂದು ಗುಂಪಿಗೆ, ಸರಕು ಎಲ್ಲಿಂದ ಬರುತ್ತದೆ, ವಾಶಿಯ ಸಗಟು ಮಾರುಕಟ್ಟೆಯಿಂದಲೋ ದಾದರಿನಿಂದಲೋ. ಇನ್ನೊಂದಕ್ಕೆ, ಸಂಜೆ ಉಳಿದ ಸೊಪ್ಪು ಏನಾಗುತ್ತದೆ. ಮತ್ತೊಂದಕ್ಕೆ, ಗಿರಾಕಿಗಳಲ್ಲಿ ಎಷ್ಟು ಮಂದಿ ಮನೆಯಿಂದ ಚೀಲ ತರುತ್ತಾರೆ. ಎಂಟನೇ ಗುಂಪಿನ ಶಿವಕುಮಾರಿ ಮಾತ್ರ ತನ್ನದೇ ವಿಷಯ ತಂದಿದ್ದಳು. ತೆಳ್ಳಗಿನ ಹುಡುಗಿ, ಬಾಯಿ ಬಿಟ್ಟರೆ ನೇರ ಮಾತು.

"ಟೀಚರ್, ಮಾರೋ ಹೆಂಗಸ್ರು ಸಂಡಾಸಕ್ಕ ಹೋದ್ರ ಅವರ ಜಾಗಾ ಯಾರು ನೋಡ್ಕೋತಾರ ಅಂತ ಕೇಳ್ತೀನ್ರಿ."

ತರಗತಿ ಹೋ ಎಂದು ನಕ್ಕಿತು. ನನಗೆ ಮಾತ್ರ ಇಪ್ಪತ್ತಾರು ವರ್ಷದಲ್ಲಿ ಇಂಥ ಒಳ್ಳೆಯ ವಿಷಯ ಯಾರೂ ತಂದಿರಲಿಲ್ಲ ಅನ್ನಿಸಿತು. ಆದರೆ ಹೊಗಳಿದರೆ ತಲೆಗೇರುತ್ತದೆ ಎಂದು "ಹ್ಞೂಂ, ಆಗಬಹುದು" ಅಂದೆ.

ಪ್ರಶ್ನಾವಳಿ ನಾನೇ ಬರೆದುಕೊಟ್ಟೆ. ಏಳನೇ ಪ್ರಶ್ನೆ ಹೀಗಿತ್ತು: 'ತಾವು ದಿನವೊಂದಕ್ಕೆ ಎಷ್ಟು ಬಾರಿ ವಿಕ್ರಯ ಸ್ಥಳದಿಂದ ನಿರ್ಗಮಿಸುವಿರಿ?' ಶಿವಕುಮಾರಿ ಓದಿ ನನ್ನ ಮುಖ ನೋಡಿದಳು. "ಟೀಚರ್, ಇದು ಕ್ಯಾ ಹೈ?" ಎಂದು ಕೇಳಿ, ಅಲ್ಲೇ ಕೆಳಗೆ ಪೆನ್ಸಿಲಿನಲ್ಲಿ ಬರೆದಳು: 'ದಿನಕ್ಕ ಎಷ್ಟ ಸಲ ಜಾಗಾ ಬಿಟ್ಟ ಏಳತೀರಿ?' ಅವಳದೇ ಸರಿ ಇತ್ತು. ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಎಲ್ಲರಿಗೂ ಕಟ್ಟಪ್ಪಣೆ ಮಾಡಿದೆ: ಉತ್ತರ ಹೇಳಿದವರು ಏನು ಹೇಳುತ್ತಾರೋ ಅದನ್ನೇ ಬರೆಯಬೇಕು. ಸುಳ್ಳು ಅನ್ನಿಸಿದರೂ ತಿದ್ದಕೂಡದು. ಅಂಕಿ ತಿದ್ದಿದವರಿಗೆ ನನ್ನ ಹತ್ತಿರ ಕ್ಷಮೆ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಸ್ಟೇಷನ್ ಪಕ್ಕದ ಬಜಾರಿನ ಓಣಿಗೆ ಹೋದರು. ಕೈಯಲ್ಲಿ ರಟ್ಟು, ಕ್ಲಿಪ್ಪು, ಕಾಗದ. ಒಬ್ಬೊಬ್ಬರೂ ಒಂದೊಂದು ಬುಟ್ಟಿಯ ಮುಂದೆ ನಿಂತು "ಸರ್ವೆ ಮಾಡಾಕ ಬಂದೇವಿ" ಅಂದರು.

ಅಯ್ಯೋ ದೇವರೇ! ಆ ಶಬ್ದವನ್ನು ಆ ಓಣಿಯಲ್ಲಿ ಹೇಳಬಾರದಿತ್ತು. ಅಲ್ಲಿ ಸರ್ವೆ ಅಂದರೆ ಒಂದೇ ಅರ್ಥ. ಹತ್ತು ಹನ್ನೆರಡು ವರ್ಷದ ಹಿಂದೆ ಮುನ್ಸಿಪಾಲಿಟಿಯವರು ಬೀದಿಯಲ್ಲಿ ಕೂತು ಮಾರುವವರನ್ನೆಲ್ಲ ಎಣಿಸಿ ಚೀಟಿ ಕೊಟ್ಟಿದ್ದರು. ಮುಂದೊಂದು ದಿನ ಕಾಯಂ ಜಾಗ ಸಿಗುತ್ತದೆಂಬ ಆಸೆಗೆ ಆ ಚೀಟಿಗೆ ಪ್ಲಾಸ್ಟಿಕ್ ಹೊದಿಸಿ, ಇಂದಿಗೂ ತಕ್ಕಡಿಯ ಕೆಳಗೆ ಇಟ್ಟುಕೊಂಡಿದ್ದಾರೆ. ಹೊಸ ಸರ್ವೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಆರು ತಿಂಗಳಿಂದ ಗುಲ್ಲು. ಅಂಥ ಕಡೆ ನನ್ನ ಮಕ್ಕಳು ರಟ್ಟು ಹಿಡಿದು ನಿಂತಿದ್ದವು.

ಅರ್ಧ ಗಂಟೆಯಲ್ಲಿ ಓಣಿ ತುಂಬಿತು. ಆಧಾರ್ ಕಾರ್ಡು ಬಂತು, ರೇಷನ್ ಕಾರ್ಡು ಬಂತು, ಫೋಟೋ ಬಂತು. ಹಿಂದಿನ ದಿನ ಐವತ್ತು ಮಂದಿ ಇದ್ದ ಕಡೆ ತೊಂಬತ್ತು ಮಂದಿ ಆದರು. ಕ್ಷೌರ ಮಾಡುವ ಕಟಿಂಗ್ ಅಂಗಡಿಯವನು ಎರಡು ನಿಂಬೆಹಣ್ಣು ಮುಂದಿಟ್ಟುಕೊಂಡು ಕೂತು, ತಾನು ಹದಿನೈದು ವರ್ಷದಿಂದ ನಿಂಬೆ ವ್ಯಾಪಾರಿ ಅಂದನಂತೆ. ಚೀಲದ ಬಗ್ಗೆ ಕೇಳಿದ ಗುಂಪಿಗೆ ಎಲ್ಲರೂ, ಪ್ಲಾಸ್ಟಿಕ್ಕಾ, ನಾವು ಮುಟ್ಟುವುದೇ ಇಲ್ಲ ಎಂದರು, ತೊಡೆಯ ಕೆಳಗೆ ಚೀಲದ ಕಟ್ಟು ಮುಚ್ಚಿಟ್ಟುಕೊಂಡು. ಉಳಿದ ಸೊಪ್ಪು ಏನಾಗುತ್ತದೆ ಎಂಬುದಕ್ಕೆ, ನಮ್ಮದು ಉಳಿಯುವುದೇ ಇಲ್ಲ. ಮಕ್ಕಳು ಖುಷಿಯಿಂದ ಓಡಿ ಬಂದು, "ಟೀಚರ್, ಎಲ್ಲಾ ಸಮಸ್ಯೆ ಖತಂ!" ಅಂದವು.

ಸೋಮವಾರ ಅಷ್ಟೂ ಕಾಗದ ಹರಿದು ಹಾಕಿಸಿದೆ. ಈ ಸಲ ನಾನೇ ಜೊತೆಗೆ ಹೋಗಿ, ಇದು ಮುನ್ಸಿಪಾಲಿಟಿಯದಲ್ಲ, ಶಾಲೆಯ ಪ್ರಾಜೆಕ್ಟು, ಯಾರಿಗೂ ಚೀಟಿ ಸಿಗುವುದಿಲ್ಲ ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಕಟಿಂಗ್ ಅಂಗಡಿಯವನು ನಿಂಬೆಹಣ್ಣು ಎತ್ತಿಕೊಂಡು ಒಳಗೆ ಹೋದ. ಉಳಿದವರು ನಿಜ ಹೇಳಲು ಶುರುಮಾಡಿದರು.

ಒಬ್ಬಳು ಮಾತ್ರ ನಂಬಲಿಲ್ಲ. ಅವಳೇ ಬಸಲಿಂಗವ್ವ. ಓಣಿಯ ಬಾಯಲ್ಲೇ ಗೋಣಿತಾಟು ಹಾಸಿ ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಮಾರುತ್ತಾಳೆ. ಶಿವಕುಮಾರಿ ಇರುವ ಚಾಳಿನಲ್ಲೇ ಮನೆ, ಹುಡುಗಿ ಅವಳನ್ನು ಅಜ್ಜಿ ಅನ್ನುವ ಹಾಗೆ ಆಯಿ ಎನ್ನುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗದಲ್ಲಿ ಕೂತರೂ ಅವಳ ಹತ್ತಿರ ಆ ಚೀಟಿ ಇಲ್ಲ. ಹಳೆಯ ಸರ್ವೆಯವರು ಬಂದಾಗ ಅವಳು ಸ್ಟೇಷನ್ ಆಚೆಯ ಸಂಡಾಸಿನ ಸಾಲಿನಲ್ಲಿ ನಿಂತಿದ್ದಳು. ಇಪ್ಪತ್ತು ನಿಮಿಷ, ಅಷ್ಟೇ. ತಿರುಗಿ ಬರುವಷ್ಟರಲ್ಲಿ ಓಣಿ ಎಣಿಸಿ ಮುಗಿದಿತ್ತು. ಅಂದಿನಿಂದ ಸರಕು ಎತ್ತಿಕೊಂಡು ಹೋಗುವ ಮುನ್ಸಿಪಾಲಿಟಿಯ ಗಾಡಿ ಬಂದಾಗೆಲ್ಲ ಉಳಿದವರು ಚೀಟಿ ಹಿಡಿದು ವಾದಕ್ಕೆ ನಿಲ್ಲುತ್ತಾರೆ, ಇವಳು ಗಂಟು ಹೊತ್ತು ಓಡುತ್ತಾಳೆ. ಐವತ್ತೆಂಟರ ಮಂಡಿ ಅವಳದು.

ಶಿವಕುಮಾರಿ ಆರು ಪ್ರಶ್ನೆ ಮುಗಿಸಿ, "ಆಯಿ, ಏಳನೇ ಪ್ರಶ್ನಿ" ಅಂದಳು.

"ಏಳೂದಾ? ನಾ ಏಳಂಗಿಲ್ಲ. ಬರಕೋ."

"ಆಯಿ, ಏಳನೇದು, ನಂಬರ್ ಸೆವೆನ್. ದಿನಕ್ಕ ಎಷ್ಟ ಸಲ ಜಾಗಾ ಬಿಟ್ಟ ಏಳ್ತಿ?"

"ಅದನ್ನ ಹೇಳಾಕ್ಹತ್ತೀನಿ. ಏಳಂಗೇ ಇಲ್ಲ. ಒಂದ ಸಲಾನೂ ಇಲ್ಲ."

"ಮತ್ತ ಸಂಡಾಸಕ್ಕ?"

"ಹೋಗಂಗಿಲ್ಲ. ನೀರ ಕುಡಿದ್ರಲ್ಲೇನ ಹೋಗೂದು?" ಬಸಲಿಂಗವ್ವ ನನ್ನ ಕಡೆ ಕೈ ತೋರಿಸಿದಳು. "ಬಾಯಾರ, ನೀವು ಸಾಲಿದಂತ ಹೇಳ್ತೀರಿ. ನಾಳಿ ಇದ ಕಾಗದಾ ಎಲ್ಲಿಗಿ ಹೋಗ್ತೈತೋ ಯಾರಿಗ್ಗೊತ್ತ? ಬಸಲಿಂಗವ್ವ ಜಾಗಾ ಬಿಟ್ಟ ಎದ್ದಿದ್ಲು ಅಂತ ಯಾರೂ ಅನಬಾರದು. ಒಂದ ಸಲ ಎದ್ದ ಕೆಟ್ಟೀನಿ."

ಪಕ್ಕದಲ್ಲಿ ಶುಂಠಿ ಬೆಳ್ಳುಳ್ಳಿ ಮಾರುವ ವಸಂತಿ ಕಿಸಕ್ಕನೆ ನಕ್ಕಳು. ಇಬ್ಬರಿಗೂ ಛತ್ರಿಯ ಕೋಲು ಯಾರ ಜಾಗದಲ್ಲಿ ಊರಬೇಕು ಎಂಬುದರ ಮೇಲೆ ಎರಡು ವರ್ಷದಿಂದ ಮಾತಿಲ್ಲ. ಆದರೂ ಅವಳು ನಮಗೆ ಕೇಳುವ ಹಾಗೆ ಗಾಳಿಗೆ ಹೇಳಿದಳು: "ದಿನಾ ಎರಡ ಸಲ ಹೋಗ್ತಾಳ. ಬುಟ್ಟಿ ನಾನ ನೋಡ್ಕೊತೀನಿ."

ಶಾಲೆಗೆ ಬಂದ ಮೇಲೆ ಶಿವಕುಮಾರಿ ರಬ್ಬರು ಹಿಡಿದು ಕೇಳಿದಳು: "ಟೀಚರ್, ಆಯಿ ಝೂಟ್ ಹೇಳ್ಯಾಳ. ಎರಡು ಅಂತ ಮಾಡಲಿ?"

"ಮುಟ್ಟಬೇಡ! ಅವರು ಸೊನ್ನೆ ಅಂದ್ರೆ ಸೊನ್ನೆ. ನಿನಗೆ ಗೊತ್ತಿದ್ದದ್ದು ಬರೀಲಿಕ್ಕೆ ಸರ್ವೆ ಯಾಕೆ? ಬೇಕಾದ್ರೆ ಕೊನೆಯಲ್ಲಿ 'ಅಧ್ಯಯನದ ಮಿತಿಗಳು' ಅಂತ ಒಂದು ಪುಟ ಇಡು. ಕೆಲವರು ಹೆದರಿಕೆಯಿಂದ ಸರಿಯಾದ ಉತ್ತರ ಕೊಡದೆ ಇರಬಹುದು ಅಂತ ಬರಿ. ಅಂಕಿ ಮಾತ್ರ ತಿದ್ದಬೇಡ."

ಹುಡುಗಿ ರಬ್ಬರು ಒಳಗಿಟ್ಟಳು. ಆ ಪುಟಕ್ಕೆ ತಲೆಬರಹ ಬರೆದು, ಕೆಳಗೆ ಖಾಲಿ ಬಿಟ್ಟಳು.

ಅವಳ ಕೆಲಸ ಚೆನ್ನಾಗಿ ಬಂತು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತನಾಲ್ಕು ಹೆಂಗಸರು. ನಾಲ್ಕು ಗೀಟು, ಅಡ್ಡ ಒಂದು ಗೀಟು ಎಂದು ಎಣಿಸಿ ಪಟ್ಟಿ ಮಾಡಿದಳು. ಜಾಗ ನೋಡಿಕೊಳ್ಳುವವರು ಪಕ್ಕದವರು, ಹದಿನೈದು. ಮನೆಯವರು, ಐದು. ಪ್ಲಾಸ್ಟಿಕ್ ಹೊದಿಸಿ ದೇವರ ಮೇಲೆ ಭಾರ ಹಾಕಿ ಹೋಗುವವರು, ಮೂರು. ಏಳುವುದೇ ಇಲ್ಲ, ಒಂದು. ಮಧ್ಯಾಹ್ನದವರೆಗೆ ನೀರೇ ಕುಡಿಯದವರು, ಹನ್ನೊಂದು. ಒಬ್ಬೊಬ್ಬರಿಗೆ ಒಂದು ಪುಟ, ಒಪ್ಪಿಗೆ ಕೇಳಿ ತೆಗೆದ ಫೋಟೋ, ದಿನಾಂಕ. ಕೊನೆಗೆ ಆ ಅಂಕಿಗಳ ಬಾರ್ ಗ್ರಾಫ್. ಸರ್ಕಾರ ಇತ್ತ ಗಮನ ಹರಿಸಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ.

ರಮಾನಾಥರು ಓದಿ ಕುಣಿದುಬಿಟ್ಟರು. "ಫಸ್ಟ್ ಪ್ರೈಜ್ ಇದಕ್ಕೇ! ಮತ್ತೆ ಮೇಡಂ, ವೇದಿಕೆಯ ಮೇಲೆ ಒಬ್ಬ ಅಸಲಿ ವ್ಯಾಪಾರಿ ಬೇಕು. ಶಾಲು ಹೊದಿಸಿ ಸತ್ಕಾರ ಮಾಡುವ. ಈ ಏಳುವುದೇ ಇಲ್ಲದವರು ಇದ್ದಾರಲ್ಲ, ಅವರೇ ಆಗಲಿ. ಎಂಥ ನಿಷ್ಠೆ!"

ಏಳದೇ ಇರುವವಳನ್ನು ಎಬ್ಬಿಸಿ ಸನ್ಮಾನ ಮಾಡುವುದು. ನಗು ಬಂದರೂ ಒಪ್ಪಿದೆ. ಬಸಲಿಂಗವ್ವ ಒಪ್ಪಲಿಲ್ಲ. "ಬರಂಗಿಲ್ರಿ ಬಾಯಾರ. ಸರ್ವೆದವ್ರು ಯಾವಾಗ ಬರ್ತಾರೋ." ನಾನು ಬಿಡಲಿಲ್ಲ. ಅರ್ಧ ಗಂಟೆ ಮಾತ್ರ, ಜವಾಬ್ದಾರಿ ನನ್ನದು ಅಂದೆ. ಶಿವಕುಮಾರಿಯ ಮುಖ ನೋಡಿ ಅವಳು ಕಡೆಗೆ ಹ್ಞೂಂ ಅಂದಳು. ವಸಂತಿಗೆ ನನ್ನ ಫೋನ್ ನಂಬರು ಕೊಟ್ಟು, ಏನಾದರೂ ಇದ್ದರೆ ಫೋನ್ ಮಾಡು ಅಂದೆ.

ಕಾರ್ಯಕ್ರಮ ಹನ್ನೊಂದಕ್ಕೆ. ಮುಖ್ಯ ಅತಿಥಿಗಳು ಹನ್ನೆರಡೂವರೆಯಾದರೂ ಟ್ರಾಫಿಕ್ಕಿನಲ್ಲಿದ್ದರು. ಬಸಲಿಂಗವ್ವ ಮೊದಲ ಸಾಲಿನಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು. ನೀರು ಕೊಟ್ಟರೆ ಬೇಡ ಅಂದಳು. "ಶಾಲೆಯಲ್ಲಿ ಬಾತ್‌ರೂಮ್ ಉಂಟು, ಹೋಗಿ ಬನ್ನಿ" ಅಂದರೆ, ಇನ್ನೇನು ಹೆಸರು ಕರೆಯುತ್ತಾರೆ, ಇಲ್ಲೂ ಎದ್ದು ಕೆಡುವುದು ಬೇಡ ಅಂದಳು. ಕಡೆಗೂ ಅತಿಥಿಗಳು ಬಂದು, ಬೀದಿ ವ್ಯಾಪಾರಿಗಳೇ ನಗರದ ಬೆನ್ನೆಲುಬು ಎಂದು ಇಪ್ಪತ್ತೈದು ನಿಮಿಷ ಹೇಳಿ, ಶಾಲು ಹೊದಿಸಿ, ಹಾರ ಹಾಕಿದರು. ಚಪ್ಪಾಳೆ ನಿಲ್ಲುವ ಮೊದಲೇ ನನ್ನ ಫೋನ್ ಗುರುಗುಟ್ಟಿತು.

ವಸಂತಿ. "ಬಾಯಿ, ಜಲ್ದಿ ಬರ್ರಿ! ಸರ್ವೆದವ್ರು ಬಂದಾರ, ಅಸಲಿ ಸರ್ವೆ! ಆಕಿ ಜಾಗಾ ದಾಟಿ ಮುಂದ ಹೋದ್ರು!"

ಅರ್ಧ ಗಂಟೆ ಅಂದವಳು ನಾನು, ಜವಾಬ್ದಾರಿ ಅಂದವಳೂ ನಾನೇ. ಪ್ರದರ್ಶನದ ಮೇಜಿನಿಂದ ಫೈಲು ಕಿತ್ತುಕೊಂಡು ಓಡಿದೆ. ಮುಂದೆ ಶಿವಕುಮಾರಿ, ಹಿಂದೆ ಶಾಲು ಹಾರದ ಸಮೇತ ಬಸಲಿಂಗವ್ವ. ರಿಕ್ಷಾದವರು ಮದುವೆ ದಿಬ್ಬಣ ಎಂಬಂತೆ ದಾರಿ ಬಿಟ್ಟರು.

ಸರ್ವೆಯ ಗುಮಾಸ್ತ ಓಣಿಯ ತುದಿಯಲ್ಲಿ ಮೊಬೈಲು ಜೇಬಿಗೆ ಹಾಕುತ್ತಿದ್ದ. ದೇವಾನಂದ ಎಂದು ಕುತ್ತಿಗೆಯ ಕಾರ್ಡಿನಲ್ಲಿತ್ತು. ಕೆಟ್ಟವನಲ್ಲ, ದಣಿದವನು. ನಾನು ಹಿಂದಿಯಲ್ಲಿ ಉಸಿರು ಕಟ್ಟಿ ಎಲ್ಲ ಹೇಳಿದೆ.

"ಮ್ಯಾಡಂ, ಆ ಜಾಗದಲ್ಲಿ ಯಾರೂ ಇರಲಿಲ್ಲ. ಆಳಿಲ್ಲದ ಗೋಣಿಯ ಫೋಟೋ ತೆಗೆಯೋಕೆ ಬರೋದಿಲ್ಲ" ಎಂದು ಅವನೂ ಹಿಂದಿಯಲ್ಲೇ ಅಂದ. "ಪಕ್ಕದವಳನ್ನು ಕೇಳಿದರೆ ಸತ್ಕಾರಕ್ಕೆ ಹೋಗಿದ್ದಾಳೆ ಅಂದಳು. ಬೆಳಿಗ್ಗೆಯಿಂದ ಬಹಳ ಕಥೆ ಕೇಳಿದ್ದೇನೆ, ಇದು ಹೊಸದು." ಆಮೇಲೆ ಶಾಲು ಹಾರದ ಬಸಲಿಂಗವ್ವನನ್ನು ಮೇಲಿಂದ ಕೆಳಗೆ ನೋಡಿದ. "ಇವರು ಮೆಣಸಿನಕಾಯಿ ಮಾರುವವರಾ?"

ನಾನು ಫೈಲು ತೆರೆದು ಹಿಡಿದೆ. ಅವಳ ಪುಟ, ಫೋಟೋ, ಎರಡು ತಿಂಗಳ ಹಿಂದಿನ ದಿನಾಂಕ, ಶಾಲೆಯ ದುಂಡು ಮುದ್ರೆ. ಫೋಟೋದಲ್ಲಿ ಅದೇ ಗೋಣಿತಾಟು, ಅದೇ ಛತ್ರಿಯ ಕೋಲು. ಅವನು ಫೈಲು ಕೈಗೆ ತೆಗೆದುಕೊಂಡ. ಕನ್ನಡ ಅವನಿಗೆ ಬಾರದು. ಆ ಪುಟದಲ್ಲಿ ಅವನು ಓದಬಲ್ಲದ್ದು ಅಂಕಿ ಮಾತ್ರ. ಬೆರಳು ಕೆಳಗೆ ಇಳಿಯುತ್ತ ಇಳಿಯುತ್ತ ಏಳನೇ ಸಾಲಿನಲ್ಲಿ ನಿಂತಿತು.

"ಇದೇನು, ಝೀರೋ?"

ನಿಜ ಹೇಳಿದರೆ, ಇವಳು ಜಾಗ ಬಿಟ್ಟು ಏಳುವುದೇ ಇಲ್ಲ ಎಂದು ಬರೆದಿದೆ ಅನ್ನಬೇಕು. ಹಾಗಾದರೆ ಈಗಷ್ಟೇ ಎಲ್ಲಿದ್ದಳು ಎಂದು ಕೇಳುತ್ತಾನೆ, ಇಡೀ ಫೈಲು ಸುಳ್ಳು ಅನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ಶಿವಕುಮಾರಿ ನನ್ನನ್ನೇ ನೋಡುತ್ತಿದ್ದಳು. ಅಂಕಿ ತಿದ್ದಬಾರದು ಎಂದು ಕಲಿಸಿದವಳ ಮುಖ ಹೇಗಿರುತ್ತದೆ ಎಂದು ನೋಡುತ್ತಿದ್ದಳೋ ಏನೋ.

ಅಂಕಿಯನ್ನು ನಾನು ತಿದ್ದಲಿಲ್ಲ. ಪ್ರಶ್ನೆಯನ್ನು ತಿದ್ದಿದೆ.

"ಅದಾ?" ಅಂದೆ. "ಇಪ್ಪತ್ತೆರಡು ವರ್ಷದಲ್ಲಿ ನಿಮ್ಮವರು ಇವರನ್ನು ಎಷ್ಟು ಸಲ ಎಣಿಸಿದ್ದಾರೆ ಅಂತ ಪ್ರಶ್ನೆ."

ಗುಮಾಸ್ತ ಸೊನ್ನೆಯನ್ನು ಇನ್ನೊಮ್ಮೆ ನೋಡಿದ. ಅಷ್ಟರಲ್ಲಿ ವಸಂತಿ ಎದ್ದು ಬಂದು, "ಸಾಹೇಬ್, ನನ್ನ ಪಕ್ಕದಾಕಿ. ಎಷ್ಟ ವರ್ಷದಿಂದ ಜಗಳಾಡೀವಿ, ಇಲ್ಲದಾಕಿ ಜೋಡಿ ಯಾರರ ಜಗಳಾಡ್ತಾರೇನು?" ಎಂದು ಹಿಂದಿ ಕನ್ನಡ ಕಲಸಿ ಕೇಳಿದಳು. ಅವನು ಜೇಬಿನಿಂದ ಮೊಬೈಲು ತೆಗೆದ.

"ಕೂರಿಸಿ. ಹಾರ ತೆಗೆಸಿ, ಫೋಟೋದಲ್ಲಿ ಬೇರೆ ಥರ ಕಾಣುತ್ತೆ."

ಬಸಲಿಂಗವ್ವ ಗೋಣಿತಾಟಿನ ಮೇಲೆ ಕೂತಳು. ಹಾರವನ್ನು ವಸಂತಿಯ ಕೈಗೆ ಕೊಟ್ಟಳು, ಎರಡು ವರ್ಷದ ಮೇಲೆ ಮೊದಲ ಮಾತು: "ಹಿಡಿ." ಆಧಾರ್ ನಂಬರು, ಹೆಸರು, ಸರಕು, ಫೋಟೋ. ಒಂದು ಚೀಟಿ ಕೈಗೆ ಬಂತು. ಚೀಟಿ ಅಂದರೆ ಜಾಗ ಕೊಟ್ಟ ಹಾಗಲ್ಲ, ಅದಕ್ಕೆ ಇನ್ನೂ ಏನೇನೋ ಇದೆ ಎಂದು ಗುಮಾಸ್ತ ವಿವರಿಸಿದ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡು, ರವಿಕೆಯೊಳಗೆ ಇಟ್ಟುಕೊಂಡು, ತಟ್ಟನೆ ಎದ್ದಳು.

"ಬಾಯಾರ, ಮುಂಜಾನೆಯಿಂದ ತಡಕೊಂಡೀನ್ರಿ. ಒಂದ ಇಪ್ಪತ್ತ ನಿಮಿಷ ಇಲ್ಲೇ ಕುಂಡ್ರಿ, ಬಂದೆ."

ನಾನು ಬೇಡ ಅನ್ನುವಷ್ಟರಲ್ಲಿ ಅವಳು ಸ್ಟೇಷನ್ ಕಡೆ ಹೊರಟುಹೋಗಿದ್ದಳು, ಶಾಲು ಹಾರಿಸಿಕೊಂಡು. ಕಾರ್ಯಕ್ರಮದ ರೇಷ್ಮೆ ಸೀರೆಯಲ್ಲಿ ನಾನು ಗೋಣಿತಾಟಿನ ಮೇಲೆ ಕೂತೆ. ಗಿರಾಕಿಯೊಬ್ಬ ಬಂದು "ಮಿರ್ಚಿ ಕೈಸಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ವಸಂತಿ ಹೇಳಿಕೊಟ್ಟಳು.

ಶಿವಕುಮಾರಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಫೈಲು ತೊಡೆಯ ಮೇಲೆ ಇಟ್ಟುಕೊಂಡಳು.

"ಟೀಚರ್, ಏಳನೇ ಪ್ರಶ್ನಿ ಅದಲ್ಲಲ್ರಿ."

"ಗೊತ್ತುಂಟು."

"ಮತ್ತ?"

"ಮಿತಿಗಳು ಅಂತ ಒಂದು ಪುಟ ಖಾಲಿ ಬಿಟ್ಟಿದ್ದೀಯಲ್ಲ," ಅಂದೆ. "ಅದರಲ್ಲಿ ಬರಿ."

ಅವಳು ಪೆನ್ನು ತೆಗೆದು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಬರೆದು ನನ್ನ ಮುಂದೆ ಹಿಡಿದಳು. 'ಈ ಅಧ್ಯಯನದಲ್ಲಿ ಉತ್ತರ ಹೇಳಿದವರಲ್ಲಿ ಒಬ್ಬರು ಹೆದರಿಕೆಯಿಂದ ಸುಳ್ಳು ಹೇಳಿದ್ದಾರೆ. ಮಾರ್ಗದರ್ಶನ ಮಾಡಿದವರಲ್ಲಿಯೂ ಒಬ್ಬರು.'

ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ. ಕೊತ್ತಂಬರಿಯ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಕೆಳಗೆ ಸಹಿ ಹಾಕಿದೆ.